ಫ್ರಿಜ್ ಗ್ಯಾಸ್ ಖಾಲಿಯಾಗಲ್ಲ, ಸೋರಿದರೆ ಮಾತ್ರ ಹೋಗುತ್ತೆ

ಕಳೆದ ವರ್ಷ ಒಂದು ದಿನ ಅಕ್ಕ ಫೋನ್ ಮಾಡಿದಳು. "ಫ್ರಿಜ್‌ಗೆ ಗ್ಯಾಸ್ ಹಾಕಿಸಿ ಹನ್ನೆರಡು ದಿನ ಆಯ್ತು ಕಣೋ, ಮತ್ತೆ ಗ್ಯಾಸ್ ಕಮ್ಮಿಯಾಗಿದೆಯಂತೆ. ಇನ್ನೊಂದ್ಸಲ ಹಾಕಿಸ್ಲಾ?" ಅವಳ ಫ್ರಿಜ್‌ಗೆ ಆಗ ಆರು ವರ್ಷ. ಮೇಲೆ ಫ್ರೀಜರ್, ಕೆಳಗೆ ದೊಡ್ಡ ಖಾನೆ ಇರುವ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಮಾದರಿ. ಮೇಲೆ ಐಸ್ ಕಟ್ಟುತ್ತಿತ್ತು, ಕೆಳಗೆ ಇಟ್ಟ ನೀರಿನ ಬಾಟಲಿ ಮಾತ್ರ ತಣ್ಣಗಾಗುತ್ತಿರಲಿಲ್ಲ. ನೋಡಲು ಬಂದವರು ಹಿಂದಿನ ಪೈಪನ್ನು ಮುಟ್ಟಿ ನೋಡಿ, "ಆರು ವರ್ಷ ಆಯ್ತಲ್ವಾ, ಗ್ಯಾಸ್ ಕಡಿಮೆಯಾಗಿದೆ" ಅಂದಿದ್ದರು. ಆ ಮಾತು ಅಕ್ಕನಿಗೆ ಸರಿಯಾಗೇ ಕಂಡಿತು. ಇಷ್ಟು ವರ್ಷ ಓಡಿದ ಮೇಲೆ ಒಳಗಿರುವುದು ಸ್ವಲ್ಪ ಖರ್ಚಾಗಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ.

ಅನ್ನಿಸಲು ಕಾರಣ ಆ ಪದವೇ ಇರಬೇಕು. ಗ್ಯಾಸ್ ಅಂದ ತಕ್ಷಣ ನಮಗೆ ಒಲೆಗೆ ಜೋಡಿಸಿದ ಸಿಲಿಂಡರ್ ನೆನಪಾಗುತ್ತದೆ. ಅದು ಮುಗಿಯುತ್ತದೆ, ಬೇರೆ ತರಿಸುತ್ತೇವೆ. ಫ್ರಿಜ್‌ನಲ್ಲಿರುವುದನ್ನೂ ನಾವು ಗ್ಯಾಸ್ ಅಂತಲೇ ಕರೆಯುವುದರಿಂದ ಅದೂ ಮುಗಿಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ಒಲೆಯ ಗ್ಯಾಸ್ ಉರಿದು ಬೇರೆ ವಸ್ತುವಾಗಿ ಗಾಳಿಗೆ ಸೇರುತ್ತದೆ. ಫ್ರಿಜ್ ಗ್ಯಾಸ್ ಒಳಗೆ ಸುತ್ತುವಾಗ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಅದು ಶಾಖ ಹೊರುವ ಕೂಲಿ, ಅಷ್ಟೇ. ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೊರಗೆ ಹಾಕಿ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ.

ಕೈಗೆ ಸ್ಪಿರಿಟ್ ಸವರಿದರೆ ತಣ್ಣಗೆ ಆಗುತ್ತದೆ ಅಲ್ವಾ? ಸ್ಪಿರಿಟ್ ಆರಿ ಆವಿಯಾಗುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಫ್ರಿಜ್ ತಣ್ಣಗಾಗುವುದೂ ಹೀಗೆಯೇ. ಕೈ ಮೇಲಿನ ಸ್ಪಿರಿಟ್ ಹಾರಿಹೋದರೆ ಮತ್ತೆ ಸಿಗುವುದಿಲ್ಲ. ಫ್ರಿಜ್‌ನಲ್ಲಿ ಆ ಆವಿಯನ್ನು ಹೊರಗೆ ಬಿಡದೆ ಹಿಡಿದು, ಒತ್ತಿ, ಮತ್ತೆ ದ್ರವ ಮಾಡುತ್ತಾರೆ. ಫ್ರೀಜರ್ ಹಿಂದಿರುವ ಕಾಯಿಲ್ ಒಳಗೆ ದ್ರವ ಕುದಿದು ಆವಿಯಾಗುತ್ತದೆ, ಕುದಿಯುವಾಗ ಸುತ್ತಲಿನ ಬಿಸಿಯನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತಿದಾಗ ಅದು ಬಿಸಿಯಾಗುತ್ತದೆ. ಬಿಸಿಯಾದ ಆವಿ ಕಂಡೆನ್ಸರ್ ಪೈಪಿನಲ್ಲಿ ಸುತ್ತುತ್ತಾ ತನ್ನ ಶಾಖವನ್ನು ಕೋಣೆಗೆ ಬಿಟ್ಟು ತಿರುಗಿ ದ್ರವವಾಗುತ್ತದೆ. ಫ್ರಿಜ್‌ನ ಬೆನ್ನು ಅಥವಾ ಪಕ್ಕದ ಗೋಡೆ ಬೆಚ್ಚಗಿರುವುದು ಇದರಿಂದಲೇ. ಆಮೇಲೆ ಆ ದ್ರವ ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತಿನ, ಎರಡು ಮೂರು ಮೀಟರ್ ಉದ್ದದ ತಾಮ್ರದ ನಳಿಗೆಯಲ್ಲಿ ನುಸುಳಿ ಒತ್ತಡ ಕಳೆದುಕೊಂಡು ಮತ್ತೆ ಕಾಯಿಲ್ ಸೇರುತ್ತದೆ. ಈ ಸಣ್ಣ ನಳಿಗೆಗೆ ಕ್ಯಾಪಿಲರಿ ಅಂತ ಹೆಸರು.

ಈ ಸುತ್ತಾಟ ಎಷ್ಟು ಬೇಗ ನಡೆಯುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಅಕ್ಕನ ಫ್ರಿಜ್‌ನ ತಗಡಿನ ಪಟ್ಟಿಯ ಮೇಲೆ ಆರ್-600ಎ, 52 ಗ್ರಾಂ ಅಂತ ಬರೆದಿದೆ. ಇದು ಐಸೋಬ್ಯೂಟೇನ್. ಈ ಗ್ಯಾಸ್ ಒಂದು ಗ್ರಾಂ ಒಂದು ಸುತ್ತಿನಲ್ಲಿ ಒಳಗಿನಿಂದ ಸುಮಾರು 280 ಜೂಲ್ ಶಾಖ ಹೀರುತ್ತದೆ. ಮನೆಯ ಫ್ರಿಜ್ ಓಡುವಾಗ ಒಳಗಿನಿಂದ ಸೆಕೆಂಡಿಗೆ ಸುಮಾರು 100 ಜೂಲ್ ಶಾಖ ಹೊರಹಾಕುತ್ತದೆ ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಸೆಕೆಂಡಿಗೆ ಗ್ರಾಮಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಗ್ಯಾಸ್ ಕುದಿಯಬೇಕು. ಅಂದರೆ ಒಳಗಿರುವ 52 ಗ್ರಾಂ ಪೂರ್ತಿ ಒಂದು ಸುತ್ತು ಹೊಡೆಯಲು ಎರಡೂವರೆ ನಿಮಿಷ ಸಾಕು. ದಿನಕ್ಕೆ 12 ಗಂಟೆ ಕಂಪ್ರೆಸರ್ ಓಡಿದರೂ ಮುನ್ನೂರಕ್ಕೆ ಹತ್ತಿರ ಸುತ್ತು. ಹತ್ತು ವರ್ಷಕ್ಕೆ ಹತ್ತು ಲಕ್ಷ ಸುತ್ತು.

ಪ್ರತಿ ಸುತ್ತಿಗೆ ಸಾವಿರದಲ್ಲಿ ಒಂದು ಪಾಲು ಸವೆದರೂ ಒಂದು ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಹೋಗಿರಬೇಕಿತ್ತು. ಹಾಗಾಗುವುದಿಲ್ಲ. ಕೆಲಸ ಮಾಡಿ ಗ್ಯಾಸ್ ಸವೆಯುವುದಾದರೆ ಹೊಸ ಫ್ರಿಜ್ ಮೊದಲ ತಿಂಗಳೇ ಕೈ ಕೊಡುತ್ತಿತ್ತು, ಆರು ವರ್ಷ ಕಾಯುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಹಳೆಯ ಫ್ರಿಜ್‌ಗಳಲ್ಲಿ ಆರ್-12 ಅನ್ನುವ ಗ್ಯಾಸ್ ಇರುತ್ತಿತ್ತು. ಓಜೋನ್ ಪದರ ತೆಳುವಾಗಲು ಅದು ಕಾರಣ ಎಂದು ಗೊತ್ತಾಗಿ, 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಅದರ ತಯಾರಿಕೆ ನಿಲ್ಲಿಸಿದರು. ಮುಂದುವರಿದ ದೇಶಗಳಿಗೆ 1996, ಉಳಿದ ದೇಶಗಳಿಗೆ 2010 ಗಡುವಾಗಿತ್ತು. ಆದರೂ ಆ ಕಾಲದ ಕೆಲವು ಫ್ರಿಜ್‌ಗಳು ಇನ್ನೂ ಓಡುತ್ತಿವೆ. ಯಾರೂ ಪೈಪ್ ಮುಟ್ಟದ ಅಂಥ ಫ್ರಿಜ್ ಕಂಡರೆ, ಫ್ಯಾಕ್ಟರಿಯಲ್ಲಿ ತುಂಬಿದ ಅದೇ ಗ್ಯಾಸ್ ಇಂದಿಗೂ ಅದರೊಳಗೆ ಸುತ್ತುತ್ತಿದೆ ಎಂದರ್ಥ.

"ಕಾರಿನ ಎಸಿಗೆ ಆಗಾಗ ಗ್ಯಾಸ್ ಹಾಕಿಸ್ತೀವಲ್ಲ?" ಅಂತ ಅಕ್ಕ ಕೇಳಿದಳು. ಒಳ್ಳೆಯ ಪ್ರಶ್ನೆ. ಸಾಮಾನ್ಯ ಕಾರಿನಲ್ಲಿ ಎಸಿ ಕಂಪ್ರೆಸರನ್ನು ತಿರುಗಿಸುವುದು ಇಂಜಿನ್ ಬೆಲ್ಟ್. ಹಾಗಾಗಿ ಕಂಪ್ರೆಸರ್ ಒಳಗಿಂದ ಒಂದು ಶಾಫ್ಟ್ ಹೊರಗೆ ಬರಲೇಬೇಕು. ತಿರುಗುವ ಶಾಫ್ಟ್ ಸುತ್ತ ಸೀಲ್ ಇರುತ್ತದೆ, ಆ ಸೀಲ್‌ನ ಸಂದಿಯಿಂದ ಸ್ವಲ್ಪ ಸ್ವಲ್ಪ ಗ್ಯಾಸ್ ಹೋಗುತ್ತದೆ. ಜೊತೆಗೆ ರಬ್ಬರ್ ಹೋಸ್‌ಗಳು, ಬಿಚ್ಚಿ ಹಾಕುವ ಜಾಯಿಂಟ್‌ಗಳು, ಇಡೀ ದಿನದ ಕುಲುಕಾಟ. ಫ್ರಿಜ್‌ನಲ್ಲಿ ಇವು ಯಾವುದೂ ಇಲ್ಲ. ಅದರ ಮೋಟಾರೇ ಕಂಪ್ರೆಸರ್ ಜೊತೆ ಕಪ್ಪು ಉಕ್ಕಿನ ಗುಂಡಿನೊಳಗೆ ಕೂತಿದೆ, ಗುಂಡನ್ನು ಸುತ್ತಲೂ ವೆಲ್ಡ್ ಮಾಡಿದ್ದಾರೆ. ಹೊರಗೆ ಬರುವುದು ಗಾಜಿನ ಸೀಲ್ ಇರುವ ಮೂರು ವಿದ್ಯುತ್ ಪಿನ್‌ಗಳು ಮಾತ್ರ. ಪೈಪ್‌ಗಳೆಲ್ಲ ಲೋಹದವು, ಜಾಯಿಂಟ್‌ಗಳನ್ನು ಬೆಸೆದಿರುತ್ತಾರೆ. ಗೋಡೆಯಲ್ಲಿ ತೂಗುವ ಸ್ಪ್ಲಿಟ್ ಎಸಿಯಲ್ಲೂ ಒಳಗಿನ ಘಟಕವನ್ನು ಹೊರಗಿನದಕ್ಕೆ ನಟ್ ಬಿಗಿದು ಜೋಡಿಸಿರುತ್ತಾರೆ. ಆ ನಟ್ ಸಡಿಲವಿದ್ದರೆ ಅಲ್ಲಿ ಸೋರುತ್ತದೆ. ಮೂರನ್ನೂ ಗ್ಯಾಸ್ ಅಂತ ಕರೆದರೂ ಫ್ರಿಜ್‌ನ ಕಟ್ಟು ಬೇರೆ.

ಬೆಸೆದ ಲೋಹ ಅಂದ ಮಾತ್ರಕ್ಕೆ ಒಂದು ಅಣುವೂ ಆಚೆ ಹೋಗಲ್ಲ ಅಂತ ನಾನು ಹೇಳುತ್ತಿಲ್ಲ. ಫ್ರಿಜ್‌ನ ಇಡೀ ಆಯಸ್ಸಿನಲ್ಲಿ ತಣ್ಣಗಾಗುವುದಕ್ಕೆ ತೊಂದರೆಯಾಗುವಷ್ಟು ಹೋಗಬಾರದು ಅಂತಲೇ ಅದನ್ನು ಮಾಡಿರುತ್ತಾರೆ. ತೊಂದರೆಯಾಗುವಷ್ಟು ಹೋಗಿದ್ದರೆ ಎಲ್ಲೋ ತೂತಿದೆ. ತೂತಿದ್ದರೆ ಟಾಪ್ ಅಪ್ ಮಾಡಿದ ಗ್ಯಾಸೂ ಅದೇ ತೂತಿನಲ್ಲಿ ಹೋಗುತ್ತದೆ. ತೂತಿಲ್ಲದಿದ್ದರೆ ಟಾಪ್ ಅಪ್ ಮಾಡಲು ಕಾರಣವೇ ಇಲ್ಲ. ಬರೀ ಟಾಪ್ ಅಪ್ ಸರಿಯಾಗುವಂಥ ಮೂರನೇ ಸ್ಥಿತಿ ಇಲ್ಲ.

ಹಾಗಾದರೆ ಅಕ್ಕನ ಫ್ರಿಜ್ ಗ್ಯಾಸ್ ಹಾಕಿದ ಮೇಲೆ ಹನ್ನೆರಡು ದಿನ ಚೆನ್ನಾಗಿ ಓಡಿತಲ್ಲ, ಅದು ಹೇಗೆ? ಈ ತಪ್ಪು ನಂಬಿಕೆಯನ್ನು ಜೀವಂತ ಇಟ್ಟಿರುವುದು ಇಂಥ ಅನುಭವಗಳೇ. ಹಾಗಾಗಿ ಅದನ್ನು ಪೂರ್ತಿ ಹೇಳುತ್ತೇನೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಣ್ಣಗಾಗುವ ಕಾಯಿಲ್ ಕಣ್ಣಿಗೆ ಕಾಣುವುದಿಲ್ಲ. ಅದು ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ ಇರುತ್ತದೆ. ಒಂದು ಸಣ್ಣ ಫ್ಯಾನ್ ಆ ಕಾಯಿಲ್ ಮೂಲಕ ಗಾಳಿ ಎಳೆದು ಸ್ವಲ್ಪವನ್ನು ಫ್ರೀಜರ್‌ಗೆ, ಸ್ವಲ್ಪವನ್ನು ಒಂದು ಕೊಳವೆಯ ಮೂಲಕ ಕೆಳಗಿನ ಖಾನೆಗೆ ಊದುತ್ತದೆ. ಬಾಗಿಲು ತೆಗೆದಾಗಲೆಲ್ಲ ಒಳಗೆ ಬರುವ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಅದನ್ನು ಕರಗಿಸಲು ಕಾಯಿಲ್ ಕೆಳಗೆ ಒಂದು ಹೀಟರ್ ಇದೆ. ಕಂಪ್ರೆಸರ್ ಕೆಲವು ಗಂಟೆ ಓಡಿದ ಮೇಲೆ ಅದು ತಾನಾಗಿ ಹೊತ್ತಿಕೊಂಡು ಹಿಮ ಕರಗಿಸಿ ಆರುತ್ತದೆ. ಕರಗಿದ ನೀರು ಹಿಂದಿನ ಬಟ್ಟಲಿಗೆ ಇಳಿದು ಆರಿಹೋಗುತ್ತದೆ. ನಮಗೆ ಇದು ಗೊತ್ತೇ ಆಗುವುದಿಲ್ಲ.

ಈ ಹೀಟರ್ ಕೆಲಸ ನಿಲ್ಲಿಸಿದರೆ ಏನಾಗುತ್ತೆ ನೋಡಿ. ಹಿಮ ಕರಗದೆ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಒಂದೆರಡು ವಾರದಲ್ಲಿ ಕಾಯಿಲ್‌ನ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಗಾಳಿಗೆ ದಾರಿಯಿಲ್ಲ. ಫ್ರೀಜರ್ ಪಕ್ಕದಲ್ಲೇ ಐಸಿನ ಗೋಡೆ ಇರುವುದರಿಂದ ಮೇಲೆ ಇನ್ನೂ ಸ್ವಲ್ಪ ದಿನ ತಣ್ಣಗಿರುತ್ತದೆ. ಕೆಳಗಿನ ಖಾನೆಗೆ ಮಾತ್ರ ಗಾಳಿ ಬರದೆ ಬೆಚ್ಚಗಾಗುತ್ತದೆ. ಅಕ್ಕ ಹೇಳಿದ್ದೂ ಇದನ್ನೇ ಅಲ್ವಾ, ಮೇಲೆ ಐಸ್ ಇದೆ, ಕೆಳಗೆ ತಂಪಿಲ್ಲ ಅಂತ.

ಮೊದಲ ಸಲ ಬಂದವರು ಅವಳಿಗೆ, "ರಾತ್ರಿಯಿಡೀ ಆಫ್ ಮಾಡಿ ಬಾಗಿಲು ತೆಗೆದಿಡಿ, ನಾಳೆ ಬಂದು ಗ್ಯಾಸ್ ತುಂಬ್ತೀನಿ" ಅಂದಿದ್ದರು. ಆ ರಾತ್ರಿ ಕಾಯಿಲ್ ಮೇಲಿನ ಐಸೆಲ್ಲ ಕರಗಿತು. ಬೆಳಿಗ್ಗೆ ನೆಲದ ಮೇಲೆ ನೀರಿತ್ತು ಅಂತ ಅವಳೇ ನೆನಪಿಸಿಕೊಂಡಳು. ಮಾರನೇ ದಿನ ಗ್ಯಾಸ್ ಹಾಕಿ ಆನ್ ಮಾಡಿದಾಗ ಗಾಳಿ ಸರಾಗವಾಗಿ ಓಡಿ ಕೆಳಗಿನ ಖಾನೆ ತಣ್ಣಗಾಯಿತು. ಹೆಸರು ಗ್ಯಾಸಿಗೆ ಬಂತು, ಕೆಲಸ ಮಾಡಿದ್ದು ಆಫ್ ಮಾಡಿಟ್ಟ ಒಂದು ರಾತ್ರಿ. ಹೀಟರ್ ಇನ್ನೂ ಕೆಲಸ ಮಾಡುತ್ತಿರಲಿಲ್ಲ. ಹನ್ನೆರಡು ದಿನದಲ್ಲಿ ಐಸ್ ಮತ್ತೆ ಕಟ್ಟಿತು.

ಆ ವ್ಯಕ್ತಿ ಬೇಕಂತಲೇ ಮೋಸ ಮಾಡಿದರು ಅಂತ ನಾನು ಹೇಳಲಾರೆ. ಗ್ಯಾಸ್ ಹಾಕಿದೆ, ಸರಿಹೋಯಿತು ಅನ್ನುವುದನ್ನು ಹತ್ತಾರು ಮನೆಗಳಲ್ಲಿ ಕಣ್ಣಾರೆ ನೋಡಿದವರಿಗೆ ಗ್ಯಾಸೇ ಮದ್ದು ಅನ್ನಿಸುವುದು ಸಹಜ. ಹನ್ನೆರಡನೇ ದಿನ ಆ ಮನೆಗಳಲ್ಲಿ ಏನಾಯಿತು ಅಂತ ಅವರಿಗೆ ಗೊತ್ತಾಗುವುದು ಕಡಿಮೆ. ಆದರೆ ಹಣ ಕೊಟ್ಟವರಿಗೆ ಆದ ನಷ್ಟ ನಷ್ಟವೇ.

ನಾನು ಹೋಗಿ ಪ್ಲಗ್ ತೆಗೆದು, ಫ್ರೀಜರ್ ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದೆ. ಹಲಗೆ ಬರಲೊಲ್ಲದು, ಅದಕ್ಕೇ ಐಸ್ ಅಂಟಿತ್ತು. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಒತ್ತಿ ಬಿಡಿಸಿದರೆ, ಹಿಂದೆ ಕಾಯಿಲ್ ಕಾಣಲೇ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಬಿಳಿ ಗಡ್ಡೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಕಾಯಿಲ್‌ನ ಪೂರ್ತಿ ಉದ್ದಕ್ಕೂ ಹಿಮ ಕಟ್ಟಿದೆ ಅಂದರೆ ಗ್ಯಾಸ್ ಪೂರ್ತಿ ಉದ್ದಕ್ಕೂ ತಲುಪಿ ಕುದಿದಿದೆ ಅಂತಲೇ ಅರ್ಥ. ನಿಜವಾಗಿ ಗ್ಯಾಸ್ ಕಡಿಮೆಯಾಗಿದ್ದರೆ ಕ್ಯಾಪಿಲರಿ ಬಂದು ಸೇರುವ ಕಡೆಯ ಒಂದೆರಡು ಸುತ್ತಿನಲ್ಲೇ ದ್ರವವೆಲ್ಲ ಕುದಿದು ಮುಗಿಯುತ್ತದೆ. ಅಲ್ಲಿ ಮಾತ್ರ ಹಿಮ, ಉಳಿದ ಸುತ್ತುಗಳು ಒಣಗಿರುತ್ತವೆ. ಹಾಗಾಗಿ ಮೊದಲ ಸಲ ಗ್ಯಾಸ್ ಹಾಕುವ ಮುಂಚೆಯೇ ಹಲಗೆ ತೆಗೆದು ನೋಡಿದ್ದರೆ ಉತ್ತರ ಕಣ್ಣೆದುರಿಗೇ ಇತ್ತು.

ಐಸ್ ಕರಗಿಸಿ ಮಲ್ಟಿಮೀಟರ್ ಹಿಡಿದೆ. ಹೀಟರ್ ಸುಮಾರು 350 ಓಮ್ ತೋರಿಸಿತು, ಅಂದರೆ ಅದರ ತಂತಿ ಸರಿಯಿದೆ. ಅದಕ್ಕೆ ಸರಣಿಯಲ್ಲಿ ಒಂದು ಥರ್ಮಲ್ ಫ್ಯೂಸ್ ಇರುತ್ತದೆ. ಅದು ಸೊನ್ನೆಯ ಹತ್ತಿರ ತೋರಿಸಬೇಕು, ಏನನ್ನೂ ತೋರಿಸಲಿಲ್ಲ. ಕಡಿದುಹೋಗಿತ್ತು. ಹೀಟರ್ ಮಿತಿಮೀರಿ ಕಾದರೆ ಕಡಿಯಲಿ ಅಂತಲೇ ಇಟ್ಟಿರುವ ಫ್ಯೂಸ್ ಅದು. ಹೀಟರನ್ನು ಸಮಯಕ್ಕೆ ಆರಿಸುವ ಬೈಮೆಟಲ್ ಸ್ವಿಚ್ ಅಂಟಿಕೊಂಡರೆ ಹೀಗಾಗುವುದುಂಟು, ಹಾಗಾಗಿ ಎರಡನ್ನೂ ಬದಲಿಸಿದೆ. ಬೆರಳ ತುದಿಯಷ್ಟಿದ್ದ ಆ ಎರಡು ಬಿಡಿಭಾಗಗಳಿಂದ ಫ್ರಿಜ್‌ನ ಮೂಲ ರೋಗ ಹೋಯಿತು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಗ್ಯಾಸ್ ಹಾಕಿದ್ದರಿಂದ ಹೊಸ ರೋಗ ಬಂದಿತ್ತು.

ಮನೆಯ ಫ್ರಿಜ್ ಫ್ಯಾಕ್ಟರಿಯಿಂದ ಬರುವಾಗ ಅದಕ್ಕೆ ಗೇಜ್ ಜೋಡಿಸುವ ಬಾಯಿ ಸಾಮಾನ್ಯವಾಗಿ ಇರುವುದಿಲ್ಲ. ಕಂಪ್ರೆಸರ್ ಪಕ್ಕದಲ್ಲಿ ಒಂದು ಗಿಡ್ಡ ತಾಮ್ರದ ನಳಿಗೆ ಇರುತ್ತದೆ. ಗ್ಯಾಸ್ ತುಂಬಿದ ಮೇಲೆ ಅದರ ತುದಿಯನ್ನು ಚಪ್ಪಟೆ ಮಾಡಿ ಮುಚ್ಚಿರುತ್ತಾರೆ. ಅದನ್ನು ಕತ್ತರಿಸದೆ ಅಥವಾ ಚುಚ್ಚದೆ ಒಳಗಿನ ಒತ್ತಡ ನೋಡಲು ದಾರಿಯಿಲ್ಲ. ಹಾಗಾಗಿ ಯಾರಾದರೂ ಹೊರಗಿಂದ ಪೈಪ್ ಮುಟ್ಟಿ ಐದು ನಿಮಿಷದಲ್ಲಿ "ಗ್ಯಾಸ್ ಚೆಕ್ ಮಾಡಿದೆ, ಕಡಿಮೆಯಿದೆ" ಅಂದರೆ ಅದು ಊಹೆ, ಅಳತೆಯಲ್ಲ. ಅಕ್ಕನ ಫ್ರಿಜ್‌ನಲ್ಲಿ ಆ ನಳಿಗೆಗೆ ಚುಚ್ಚುವ ವಾಲ್ವ್ ಹಾಕಿ, ಬಿಗಿದು, ಹಾಗೇ ಬಿಟ್ಟುಹೋಗಿದ್ದರು. ಆ ವಾಲ್ವ್ ನಿಂತಿರುವುದು ಒಂದು ಸಣ್ಣ ರಬ್ಬರ್ ವಾಷರ್ ಮೇಲೆ. ಆರು ವರ್ಷ ಬೆಸುಗೆಯಿಂದ ಮುಚ್ಚಿದ್ದ ವ್ಯವಸ್ಥೆಗೆ ಮೊದಲ ಸಲ ಸೋರುವ ಜಾಗ ಸಿಕ್ಕಿತು.

ಆರ್-600ಎ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ಹೊರಗಿನ ಗಾಳಿಯ ಒತ್ತಡದಲ್ಲಿ ಐಸೋಬ್ಯೂಟೇನ್ ಕುದಿಯುವುದು ಸುಮಾರು ಮೈನಸ್ 12 ಡಿಗ್ರಿಯಲ್ಲಿ. ಫ್ರೀಜರ್ ಕಾಯಿಲ್ ಅದಕ್ಕಿಂತ ತಣ್ಣಗೆ, ಮೈನಸ್ 25ರ ಆಸುಪಾಸಿನಲ್ಲಿ ಇರಬೇಕು. ಅಷ್ಟು ತಣ್ಣಗೆ ಕುದಿಯಬೇಕಾದರೆ ಕಾಯಿಲ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರಬೇಕು. ಅಂದರೆ ಫ್ರಿಜ್ ಓಡುವಾಗ ಆ ಭಾಗದಲ್ಲಿ ಅರೆ ನಿರ್ವಾತ ಇರುತ್ತದೆ. ಅಲ್ಲಿ ತೂತಾದರೆ ಓಡುತ್ತಿರುವಾಗ ಗ್ಯಾಸ್ ಹೊರಗೆ ಹೋಗುವ ಬದಲು ಹೊರಗಿನ ಗಾಳಿಯೇ ಒಳಗೆ ಬರುತ್ತದೆ. ಗಾಳಿ ಕಂಡೆನ್ಸರ್‌ನಲ್ಲಿ ದ್ರವವಾಗುವುದಿಲ್ಲ, ಸುಮ್ನೆ ಜಾಗ ಹಿಡಿದು ಒತ್ತಡ ಏರಿಸುತ್ತದೆ. ಅದರ ಜೊತೆ ಬಂದ ತೇವ ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಗ ಫ್ರಿಜ್ ಸ್ವಲ್ಪ ಹೊತ್ತು ತಣ್ಣಗಾಗಿ ನಿಲ್ಲುತ್ತದೆ, ಆಫ್ ಮಾಡಿ ಬಿಟ್ಟರೆ ಐಸ್ ಕರಗಿ ಮತ್ತೆ ಸರಿಯಾಗುತ್ತದೆ, ಮತ್ತೆ ನಿಲ್ಲುತ್ತದೆ. ಇದನ್ನೂ ನೋಡಿ "ಗ್ಯಾಸ್ ಕಡಿಮೆ" ಅನ್ನುವವರಿದ್ದಾರೆ.

ಇನ್ನು ಅಳತೆ. 52 ಗ್ರಾಂ ಅಂದರೆ ಸಿಗರೇಟ್ ಲೈಟರ್‌ಗಳಲ್ಲಿ ಇರುವ ಗ್ಯಾಸ್ ಲೆಕ್ಕದಲ್ಲಿ ಹತ್ತು ಹನ್ನೆರಡು ಲೈಟರ್‌ನಷ್ಟು. ಇಷ್ಟು ಕಡಿಮೆ ಇರುವ ಕಡೆ ನಾಲ್ಕೈದು ಗ್ರಾಂ ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ. ಒಳಗೆ ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ ಮೇಲಿಂದ ಇನ್ನಷ್ಟು ಬಿಟ್ಟರೆ ಒಟ್ಟು ಎಷ್ಟಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೇಜ್ ಕೂಡ ಗ್ರಾಂ ಹೇಳುವುದಿಲ್ಲ. ಅದು ಹೇಳುವ ಒತ್ತಡ ಕೋಣೆಯ ಬಿಸಿ, ಒಳಗೆ ತುಂಬಿರುವ ಸಾಮಾನು, ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನುವುದರ ಮೇಲೆಲ್ಲ ಬದಲಾಗುತ್ತದೆ. ಅಕ್ಕನ ಫ್ರಿಜ್‌ನಲ್ಲಿ ಗ್ಯಾಸ್ ಜಾಸ್ತಿಯಾಗಿದ್ದು ಕೈಗೇ ಸಿಕ್ಕಿತು. ಹಿಂದೆ ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಪೈಪ್ ತೊಯ್ದು ತೊಟ್ಟಿಕ್ಕುತ್ತಿತ್ತು, ಕಂಪ್ರೆಸರ್ ಹತ್ತಿರ ಬೆಳ್ಳಗೆ ಹಿಮವೂ ಇತ್ತು. ಕಾಯಿಲ್‌ನಲ್ಲೇ ಕುದಿದು ಮುಗಿಯಬೇಕಿದ್ದ ದ್ರವ ಹೊರಗಿನ ಪೈಪ್‌ವರೆಗೆ ಬಂದು ಅಲ್ಲಿ ಕುದಿಯುತ್ತಿತ್ತು. ಹೊರಗಿನ ಪೈಪನ್ನು ತಂಪು ಮಾಡಿ ಯಾರಿಗೆ ಉಪಯೋಗ? ಕರೆಂಟ್ ಜಾಸ್ತಿ ಎಳೆಯುತ್ತದೆ. ದ್ರವ ಕಂಪ್ರೆಸರ್ ಒಳಕ್ಕೇ ನುಗ್ಗಿದರೆ ಅದರ ವಾಲ್ವ್‌ಗೂ ಅಪಾಯ.

ಕೊನೆಗೆ ಎಲ್ಲ ಗ್ಯಾಸ್ ತೆಗೆದು ಮೊದಲಿಂದ ಮಾಡಬೇಕಾಯಿತು. ನಿಜವಾಗಿ ಸೋರುವ ಫ್ರಿಜ್‌ಗೂ ಮಾಡಬೇಕಾದದ್ದು ಇದೇ ಕ್ರಮ, ಹಾಗಾಗಿ ಹೇಳುತ್ತೇನೆ. ಇದಕ್ಕೆಂದು ಕರೆಸಿದ ಮೆಕ್ಯಾನಿಕ್ ಇದ್ದ ಗ್ಯಾಸನ್ನು ಬೆಂಕಿ, ಕಿಡಿ ಇಲ್ಲದ ತೆರೆದ ಜಾಗಕ್ಕೆ ಸುರಕ್ಷಿತವಾಗಿ ಬಿಟ್ಟರು. ಐಸೋಬ್ಯೂಟೇನ್ ಹೊತ್ತಿಕೊಳ್ಳುವ ಗ್ಯಾಸ್, ಅದು ಒಳಗಿರುವಾಗ ಬೆಸೆಯಲು ಪೈಪಿಗೆ ಬೆಂಕಿ ತೋರಿಸುವುದು ಪ್ರಾಣಕ್ಕೇ ಅಪಾಯ. ಆಮೇಲೆ ಒಣ ನೈಟ್ರೋಜನ್ ತುಂಬಿ, ಗೇಜ್ ಮುಳ್ಳು ಇಳಿಯುತ್ತದಾ ಅಂತ ಕಾದು, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದರು. ಗುಳ್ಳೆ ಎದ್ದದ್ದು ಒಂದೇ ಕಡೆ, ಆ ಚುಚ್ಚಿದ ವಾಲ್ವ್ ಹತ್ತಿರ. ಬೇರೆಲ್ಲೂ ಸೋರಿಕೆ ಇರಲಿಲ್ಲ. ಆ ತುಂಡನ್ನು ತೆಗೆದು, ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು ಹಾಕಿ, ಅರ್ಧ ಗಂಟೆಗೂ ಜಾಸ್ತಿ ವ್ಯಾಕ್ಯೂಮ್ ಪಂಪ್ ಓಡಿಸಿದರು. ಕೊನೆಗೆ ಗ್ಯಾಸ್ ಡಬ್ಬಿಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಅಂಕಿ 52 ಗ್ರಾಂ ಇಳಿಯುವವರೆಗೆ ಬಿಟ್ಟು, ನಳಿಗೆ ಚಪ್ಪಟೆ ಮಾಡಿ ಮುಚ್ಚಿದರು. ಮೂರು ಗಂಟೆ ಹಿಡಿಯಿತು.

ಈ ಕ್ರಮದಲ್ಲಿ ಟಾಪ್ ಅಪ್‌ಗೆ ಜಾಗವೇ ಇಲ್ಲ, ಗಮನಿಸಿದಿರಾ? ತೂತು ಹುಡುಕಬೇಕು, ಮುಚ್ಚಬೇಕು, ಖಾಲಿ ಮಾಡಬೇಕು, ತೂಕ ಮಾಡಿ ಪೂರ್ತಿ ತುಂಬಬೇಕು. ತಕ್ಕಡಿ, ವ್ಯಾಕ್ಯೂಮ್ ಪಂಪ್ ಇಲ್ಲದೆ ಬರೀ ಡಬ್ಬಿ ಹಿಡಿದು ಬಂದವರಿಂದ ಈ ಕೆಲಸ ಆಗುವುದಿಲ್ಲ.

ಹಾಗಂತ ಫ್ರಿಜ್ ಸೋರುವುದೇ ಇಲ್ಲ ಅಂತಲ್ಲ. ಫ್ರೀಜರ್‌ನ ಐಸನ್ನು ಚಾಕುವಿನಲ್ಲಿ ಕೆತ್ತುವಾಗ ಅಲ್ಯೂಮಿನಿಯಂ ಹಾಳೆಗೆ ತೂತು ಬಿದ್ದು 'ಸ್ಸ್' ಅಂತ ಸದ್ದು ಬರುವುದು ಹಳೆಯ ಒಂದು ಬಾಗಿಲಿನ ಫ್ರಿಜ್‌ಗಳಲ್ಲಿ ಸಾಮಾನ್ಯ. ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಯಿಂಟ್ ತೇವದಿಂದ ತಿಂದುಹೋಗುತ್ತದೆ. ಬಾಗಿಲ ಚೌಕಟ್ಟು ಬೆವರದಿರಲಿ ಅಂತ ಅದರೊಳಗೆ ಓಡಿಸಿರುವ ಬಿಸಿ ಪೈಪ್ ತುಕ್ಕು ಹಿಡಿಯುವುದೂ ಇದೆ. ಅದು ಫೋಮ್ ಒಳಗೆ ಹುದುಗಿರುವುದರಿಂದ ರಿಪೇರಿ ಕಷ್ಟ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ, ಹಾಗಾಗಿ ಸೋರುವ ಜಾಗದಲ್ಲಿ ಎಷ್ಟೋ ಸಲ ಜಿಡ್ಡಿನ ಕಲೆ ಕಾಣುತ್ತದೆ.

ಮನೆಯಲ್ಲೇ ಅಂದಾಜು ಮಾಡಲು ಒಂದು ದಾರಿಯಿದೆ. ಕಂಪ್ರೆಸರ್ ಇಪ್ಪತ್ತು ನಿಮಿಷ ಓಡಿದ ಮೇಲೆ ಪಕ್ಕದ ಗೋಡೆ ಅಥವಾ ಹಿಂದಿನ ಜಾಲರಿ ಮುಟ್ಟಿ. ಅದು ಬೆಚ್ಚಗಿದ್ದು ಫ್ರೀಜರ್ ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಿದ್ದರೆ ಗ್ಯಾಸ್ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಫ್ಯಾನ್, ಹಿಮ ಕರಗಿಸುವ ಭಾಗ ಅಥವಾ ಬಾಗಿಲ ರಬ್ಬರ್ ಕಡೆ ಇರಬಹುದು. ಕಂಪ್ರೆಸರ್ ನಿಲ್ಲದೆ ಓಡುತ್ತಾ, ಗೋಡೆ ತಣ್ಣಗೇ ಇದ್ದು, ಮೇಲೆ ಕೆಳಗೆ ಎರಡೂ ಕಡೆ ತಂಪು ಕಡಿಮೆಯಾಗುತ್ತಾ ಬಂದರೆ ಸೋರಿಕೆಯ ಅನುಮಾನ ಸರಿ. ಕಟ್ಟಿಕೊಂಡ ಫಿಲ್ಟರ್ ಅಥವಾ ಸವೆದ ಕಂಪ್ರೆಸರ್ ವಾಲ್ವ್ ಕೂಡ ಹೀಗೇ ಕಾಣುತ್ತವೆ, ಕೈಯಿಂದ ಮುಟ್ಟಿ ಅವನ್ನು ಬೇರೆ ಮಾಡಲಾಗದು. ನಿಧಾನ ವೇಗದಲ್ಲಿ ಓಡುವ ಇನ್ವರ್ಟರ್ ಕಂಪ್ರೆಸರ್ ಇದ್ದರೆ ಗೋಡೆಯ ಬಿಸಿ ಮೊದಲಿಂದಲೇ ಕಡಿಮೆ ಇರುತ್ತದೆ ಅನ್ನುವುದೂ ನೆನಪಿರಲಿ.

ಈ ತಪ್ಪು ನಂಬಿಕೆ ರಿಪೇರಿಯಲ್ಲಿ ಮಾತ್ರವಲ್ಲ, ಕೊಳ್ಳುವಾಗಲೂ ದಾರಿ ತಪ್ಪಿಸುತ್ತದೆ. ಹೊಸದು ಕೊಳ್ಳುವವರು ಎರಡು ಮಾದರಿಗಳ ಪಟ್ಟಿ ಓದಿ, ಒಂದರಲ್ಲಿ ಆರ್-134ಎ 120 ಗ್ರಾಂ, ಇನ್ನೊಂದರಲ್ಲಿ ಆರ್-600ಎ 50 ಗ್ರಾಂ ಎಂದಿದ್ದರೆ, 50 ಗ್ರಾಂ ಬೇಗ ಖಾಲಿಯಾಗುತ್ತೆ ಅಂದುಕೊಳ್ಳುತ್ತಾರೆ. ಗ್ರಾಂ ಅನ್ನುವುದು ಇಲ್ಲಿ ಪೆಟ್ರೋಲ್ ಟ್ಯಾಂಕಿನ ಅಳತೆಯಲ್ಲ. ಐಸೋಬ್ಯೂಟೇನ್ ಹಗುರ, ಒಂದೊಂದು ಗ್ರಾಮೂ ಜಾಸ್ತಿ ಶಾಖ ಹೊರುತ್ತದೆ, ಅದಕ್ಕೇ ಕಡಿಮೆ ಸಾಕು. "ಇಷ್ಟು ವರ್ಷಕ್ಕೆ ಒಮ್ಮೆ ಗ್ಯಾಸ್ ಉಚಿತ" ಅನ್ನುವ ಸೇವಾ ಒಪ್ಪಂದಕ್ಕೆ ಹಣ ಕಟ್ಟುವ ಮುನ್ನ, ಸೋರಿಕೆ ಹುಡುಕಿ ಸರಿಪಡಿಸುವ ಮಾತು ಅದರಲ್ಲಿ ಇದೆಯಾ ಅಂತ ಓದಿ. ಅದಿಲ್ಲದಿದ್ದರೆ ಬೇಕಿಲ್ಲದ್ದನ್ನು ಕೊಂಡಂತೆ. ಕಂಪ್ರೆಸರ್‌ಗೆ ಎಷ್ಟೋ ವರ್ಷ ಗ್ಯಾರಂಟಿ ಎಂದಿದ್ದರೆ, ಪೈಪ್ ಸೋರಿದರೂ ಅದು ನಡೆಯುತ್ತದಾ ಅಂತಲೂ ಕೇಳಿ.

ಇನ್ನೂ ದೊಡ್ಡ ನಷ್ಟ ಆಗುವುದು ಚೆನ್ನಾಗಿರುವ ಫ್ರಿಜ್ ಬಿಟ್ಟುಕೊಡುವಾಗ. "ಎಂಟು ವರ್ಷ ಹಳೆಯದು, ಗ್ಯಾಸ್ ಖಾಲಿಯಾಗ್ತಾ ಬಂದಿದೆ, ಹೊಸದು ತಗೊಳ್ಳಿ" ಅಂದರೆ ನಂಬಿ ಕೊಟ್ಟುಬಿಡುತ್ತಾರೆ. ಹೀಟರ್ ಫ್ಯೂಸ್ ಹೋದ ಫ್ರಿಜ್ ಹಾಗೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದು ಪೂರ್ತಿ ಉಲ್ಟಾ ಆಗುತ್ತದೆ. "ಹೊಸ ಗ್ಯಾಸ್ ಹಾಕಿಸಿದೀವಿ" ಅನ್ನುವುದನ್ನು ಮಾರುವವರು ಹೆಚ್ಚುಗಾರಿಕೆಯಂತೆ ಹೇಳುತ್ತಾರೆ, ಕೊಳ್ಳುವವರಿಗೂ ಖುಷಿಯಾಗುತ್ತದೆ. ನನಗಾದರೋ ಆ ಮಾತು ಕೇಳಿದ ಕೂಡಲೇ ಅನುಮಾನ ಬರುತ್ತದೆ. ಹೊಸ ಗ್ಯಾಸ್ ಹಾಕಿದ್ದಾರೆ ಅಂದರೆ ಹಳೆಯ ಗ್ಯಾಸ್ ಯಾವುದೋ ದಾರಿಯಲ್ಲಿ ಹೋಗಿತ್ತು, ಇಲ್ಲವೇ ಕಂಪ್ರೆಸರ್ ಬದಲಿಸಿದ್ದಾರೆ, ಇಲ್ಲವೇ ಅಕ್ಕನ ಮನೆಯಲ್ಲಾದಂತೆ ಅನಗತ್ಯವಾಗಿ ಚುಚ್ಚಿದ್ದಾರೆ. ನಾನು ಹಿಂದೆ ಹೋಗಿ ಟಾರ್ಚ್ ಹಾಕಿ ಕಂಪ್ರೆಸರ್ ಪಕ್ಕದ ಆ ಗಿಡ್ಡ ನಳಿಗೆ ನೋಡುತ್ತೇನೆ. ತುದಿ ಚಪ್ಪಟೆಯಾಗಿ, ಬೆಸುಗೆಯ ಮೇಲೆ ಹಳೆಯ ಧೂಳು ಕೂತಿದ್ದರೆ ಯಾರೂ ಮುಟ್ಟಿಲ್ಲ. ಮುಚ್ಚಳವಿರುವ ವಾಲ್ವ್ ಇದ್ದರೆ, ಹೊಸ ಬೆಸುಗೆಯ ಹೊಳಪು ಕಂಡರೆ, ಸುತ್ತ ಬಣ್ಣ ಸುಟ್ಟಿದ್ದರೆ ಒಂದೇ ಪ್ರಶ್ನೆ ಕೇಳುತ್ತೇನೆ: ಎಲ್ಲಿ ಸೋರುತ್ತಿತ್ತು? "ಇಂಥ ಜಾಯಿಂಟ್, ಇಗೋ ಇಲ್ಲಿ ಬೆಸೆದಿದ್ದೀವಿ, ಇಷ್ಟು ಗ್ರಾಂ ತೂಗಿ ಹಾಕಿದ್ದೀವಿ" ಅಂತ ತೋರಿಸಿದರೆ ಆ ಫ್ರಿಜ್ ಬಗ್ಗೆ ಮುಂದೆ ಮಾತಾಡಬಹುದು. "ಸೋರಿಕೆ ಏನಿಲ್ಲ, ಹಳೆಯದಾಗಿತ್ತು, ಅದಕ್ಕೆ ಸ್ವಲ್ಪ ಹಾಕಿದ್ವಿ" ಅಂದರೆ ತೂತು ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ, ಅದು ಇನ್ನೂ ತೆರೆದೇ ಇರಬಹುದು. ನಾನು ಅಂಥದ್ದನ್ನು ಕೊಳ್ಳುವುದಿಲ್ಲ.